ವರ್ಷದ ರಿಬೇಟ್: ಇಮೇಲ್‌ನಲ್ಲಿ ಮೊತ್ತವೊಂದೇ ಸಾಲದು

ಮಾರ್ಚ್ 31ಕ್ಕೆ ಲೆಕ್ಕ ಮುಗಿದ ಮೇಲೆ ಡಿಸ್ಟ್ರಿಬ್ಯೂಟರ್‌ಗಳು ಕಂಪನಿಯ ಒಂದು ಇಮೇಲ್‌ಗಾಗಿ ಕಾಯುತ್ತಾರೆ. ವರ್ಷವಿಡೀ ಎತ್ತಿದ ಮಾಲಿನ ಮೇಲೆ ಎಷ್ಟು ರಿಬೇಟ್ ಆಯಿತು, ಅದು ಹೇಗೆ ಸಂದಾಯವಾಗುತ್ತದೆ ಎಂದು ತಿಳಿಸುವ ಪತ್ರ ಅದು. ಬಿಲ್ಲಿನ ಮಾರ್ಜಿನ್ನನ್ನು ಅಂಗಡಿಯವರಿಗೆ ಬಿಟ್ಟುಕೊಟ್ಟು, ಈ ರಿಬೇಟನ್ನೇ ಲಾಭವೆಂದು ನೆಚ್ಚಿಕೊಂಡವರು ಬಹಳ ಮಂದಿ. ಅಂಥವರಿಗೆ ಬರೀ ಮೊತ್ತ ತಿಳಿಸಿದರೆ ಸಾಲದು.

ಹುಬ್ಬಳ್ಳಿಯ ಒಬ್ಬ ಪ್ಲಂಬಿಂಗ್ ಪೈಪ್ ಡಿಸ್ಟ್ರಿಬ್ಯೂಟರ್ ಜಿಎಸ್‌ಟಿ ಬಿಟ್ಟು 2 ಕೋಟಿ 18 ಲಕ್ಷದ ಮಾಲು ಕೊಂಡು, 6 ಲಕ್ಷದ್ದನ್ನು ವಾಪಸ್ ಕಳಿಸಿದರು ಎಂದಿಟ್ಟುಕೊಳ್ಳೋಣ. ರಿಬೇಟ್ ಲೆಕ್ಕಕ್ಕೆ ಉಳಿಯುವುದು 2 ಕೋಟಿ 12 ಲಕ್ಷ. ಸ್ಕೀಮ್ ಪ್ರಕಾರ 1 ಕೋಟಿಯವರೆಗೆ ಶೇ 1, 2 ಕೋಟಿಯವರೆಗೆ ಶೇ 1.5, ಅದರಾಚೆ ಶೇ 2. ಈ ಶೇ 2 ಇಡೀ ಮೊತ್ತಕ್ಕೋ, 2 ಕೋಟಿ ದಾಟಿದ 12 ಲಕ್ಷಕ್ಕೆ ಮಾತ್ರವೋ? ಇಡೀ ಮೊತ್ತಕ್ಕಾದರೆ ರಿಬೇಟ್ 4,24,000 ರೂಪಾಯಿ. ಸ್ಲ್ಯಾಬ್ ಸ್ಲ್ಯಾಬ್‌ಗೆ ಬೇರೆಬೇರೆಯಾದರೆ 1,00,000, 1,50,000, 24,000 ಸೇರಿ 2,74,000 ಮಾತ್ರ. ಒಂದೇ ಸ್ಕೀಮ್‌ಪತ್ರವನ್ನು ಇಬ್ಬರೂ ಪ್ರಾಮಾಣಿಕವಾಗಿಯೇ ಓದಿದರೂ ಒಂದೂವರೆ ಲಕ್ಷದ ಅಂತರ ಬೀಳುತ್ತದೆ. ಈ ವ್ಯಾಪಾರದ ಹೆಚ್ಚಿನ ಮನಸ್ತಾಪಕ್ಕೆ ಮೂಲ ಇದೇ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಒಟ್ಟು ಖರೀದಿ, ಕಳೆದ ವಾಪಸಾತಿ, ಹಾಕಿದ ದರ, ಎಲ್ಲವೂ ಇಮೇಲ್‌ನಲ್ಲೇ ಕಾಣಬೇಕು. ಬಿಲ್ಲುಗಳ ಪಟ್ಟಿ ಜೊತೆಗಿರಬೇಕು.

ಇಡೀ ಮೊತ್ತಕ್ಕೆ ಶೇ 2 ಎಂದೇ ಒಪ್ಪಂದವಾಗಿತ್ತು ಎನ್ನೋಣ. ಆಗ ಇಮೇಲ್ ಹೀಗಿರಬಹುದು:

"ನಮಸ್ಕಾರ. ವಾಪಸಾತಿ ಕಳೆದು ನಿಮ್ಮ ಖರೀದಿ 2,12,00,000 ರೂ. ಇಡೀ ಮೊತ್ತಕ್ಕೆ ಶೇ 2ರಂತೆ ರಿಬೇಟ್ 4,24,000 ರೂ. ಇದಕ್ಕೆ ಜಿಎಸ್‌ಟಿ ಇಲ್ಲದ ಕ್ರೆಡಿಟ್ ನೋಟನ್ನು ಏಪ್ರಿಲ್ 30ರೊಳಗೆ ಕೊಡುತ್ತೇವೆ. ಅದರಲ್ಲಿ 3,10,000 ರೂ. ನಿಮ್ಮ ಹಳೆಯ ಬಾಕಿಗೆ ಜಮೆಯಾಗುತ್ತದೆ. ಉಳಿದ 1,14,000 ರೂ. ಮುಂದಿನ ಬಿಲ್ಲಿನಲ್ಲಿ ಕಳೆಯುತ್ತದೆ. ವ್ಯತ್ಯಾಸ ಕಂಡರೆ ಏಪ್ರಿಲ್ 20ರೊಳಗೆ ತಿಳಿಸಿ."

'ಜಿಎಸ್‌ಟಿ ಇಲ್ಲದ' ಎಂಬ ಮಾತನ್ನು ಬಿಡುವಂತಿಲ್ಲ. ಶೇ 18 ಜಿಎಸ್‌ಟಿ ಸೇರಿಸಿದರೆ ಕ್ರೆಡಿಟ್ ನೋಟ್ 5,00,320 ರೂಪಾಯಿ ಆಗುತ್ತದೆ. ನೋಡಲು ದೊಡ್ಡ ಮೊತ್ತ. ಆದರೆ ಹೆಚ್ಚಿಗೆ ಬಂದ 76,320 ರೂಪಾಯಿಯಷ್ಟು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟನ್ನು ಡಿಸ್ಟ್ರಿಬ್ಯೂಟರ್ ಹಿಂತಿರುಗಿಸಬೇಕು. ಅದನ್ನು ಲಾಭವೆಂದು ಬರೆದುಕೊಂಡರೆ ಮುಂದೆ ತೆರಿಗೆಯ ಜೊತೆ ಬಡ್ಡಿಯೂ ಬೀಳಬಹುದು. ಇತ್ತ ಕಂಪನಿ ತನ್ನ ತೆರಿಗೆ ಇಳಿಸಿಕೊಳ್ಳಬೇಕಿದ್ದರೆ ಆ ಕ್ರೆಡಿಟ್ ನೋಟನ್ನು ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30ರೊಳಗೆ ರಿಟರ್ನ್‌ನಲ್ಲಿ ತೋರಿಸಿರಬೇಕು. ಜಿಎಸ್‌ಟಿ ಇಲ್ಲದ ನೋಟ್‌ಗೆ ಈ ಗಡುವೂ ಇಲ್ಲ, ಕ್ರೆಡಿಟ್ ಹಿಂತಿರುಗಿಸುವ ಕೆಲಸವೂ ಇಲ್ಲ.

ನೀವು ಡಿಸ್ಟ್ರಿಬ್ಯೂಟರ್ ಆಗಿದ್ದರೆ, ಇಮೇಲ್ ಬಂದ ದಿನವೇ ಅದನ್ನು ನಿಮ್ಮ ಲೆಡ್ಜರ್ ಪಕ್ಕ ಇಟ್ಟು ತಾಳೆ ನೋಡಿ. ಒಪ್ಪಿಗೆಯಾಗದಿದ್ದರೆ ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ. ಅದೇ ಇಮೇಲ್‌ಗೆ ಉತ್ತರ ಬರೆಯಿರಿ.