ಅಥಣಿಯ ಪಟ್ಟಿ, ಓಟದ ಬೂಟಿನ ಅಟ್ಟೆ

ಪರದೆಯ ಮೇಲೆ ಮೂಡಿದ ಮೊದಲ ಚಿತ್ರ ಕಂಡಾಗ ಬಿಸಿಲಿಗೆ ಇಟ್ಟು ಮರೆತ ಬೆಲ್ಲದಚ್ಚು ನೆನಪಾಯಿತು. ನಾನು ಕೊಟ್ಟದ್ದು ಎರಡು ಫೋಟೋ. ಒಂದರಲ್ಲಿ ಅಥಣಿಯ ಕೊಲ್ಹಾಪುರಿ ಚಪ್ಪಲಿ, ಇನ್ನೊಂದರಲ್ಲಿ ದಪ್ಪ ಬಿಳಿ ಫೋಮ್ ಅಟ್ಟೆಯ ಓಟದ ಬೂಟು. ಚಿತ್ರ ರಚಿಸುವ ಎಐ ತಂತ್ರಾಂಶಕ್ಕೆ ಹೇಳಿದ್ದು ಒಂದೇ ಸಾಲು, ಎರಡನ್ನೂ ಸೇರಿಸು ಎಂದು. ಅದು ಸೇರಿಸಿತು, ಹಿಟ್ಟಿಗೆ ಬೆಲ್ಲ ಕಲಸಿದ ಹಾಗೆ. ಫೋಮಿಗೆ ಚರ್ಮದ ಕಂದುಬಣ್ಣ ಹತ್ತಿತ್ತು. ಚರ್ಮಕ್ಕೆ ಫೋಮಿನ ಉಬ್ಬು ಬಂದಿತ್ತು. ಎರಡೂ ಸೇರಿ ಪ್ಲಾಸ್ಟಿಕ್ಕಿನಂತೆ ಮಿರಮಿರ ಮಿನುಗುವ, ಚಪ್ಪಲಿಯೂ ಅಲ್ಲದ ಬೂಟೂ ಅಲ್ಲದ ವಸ್ತುವೊಂದು ನಿಂತಿತ್ತು.

ನನಗೆ ಬೇಕಾಗಿದ್ದದ್ದು ಸರಳ. ಮೇಲೆ ಕೊಲ್ಹಾಪುರಿಯ ಪಟ್ಟಿ, ಉಂಗುಟ, ಜಡೆ. ಕೆಳಗೆ ಮೆತ್ತನೆಯ ಅಟ್ಟೆ. ಇಂಥದ್ದೊಂದನ್ನು ಮಾಡಲು ಬರುತ್ತದೆಯೇ ಎಂದು ಚಪ್ಪಲಿ ಮಾಡುವವರನ್ನು ಕೇಳುವ ಮೊದಲು ತೋರಿಸಲು ಒಂದು ಚಿತ್ರ. ಹೆಸರು ಕೊಲ್ಹಾಪುರದ್ದಾದರೂ ಈ ಚಪ್ಪಲಿ ನಮ್ಮದೂ ಹೌದು. 2019ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಅದರಲ್ಲಿ ಸೇರಿದ್ದವು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಇದೇ ಬಗೆಯ ಚಪ್ಪಲಿ ತೋರಿಸಿ, ಮೂಲ ಹೇಳಲಿಲ್ಲವೆಂದು ಟೀಕೆ ತಿಂದು, ಬಳಿಕ ಒಪ್ಪಿಕೊಂಡಿತು. ಆ ಗದ್ದಲದಲ್ಲೇ ನನಗೂ ಈ ಹುಚ್ಚು ಹತ್ತಿದ್ದು.

ಬೆಲ್ಲದಚ್ಚು ಏಕೆ ಬಂತೆಂದರೆ, ಯಾವ ಫೋಟೋದಿಂದ ಏನನ್ನು ತೆಗೆದುಕೊಳ್ಳಬೇಕೆಂದು ನಾನು ಹೇಳಿರಲಿಲ್ಲ. ಹೇಳದಿದ್ದರೆ ತಂತ್ರಾಂಶ ಎರಡರಿಂದಲೂ ಎಲ್ಲವನ್ನೂ ಒಂದಿಷ್ಟೊಂದಿಷ್ಟು ತೆಗೆದುಕೊಳ್ಳುತ್ತದೆ. ಆಕಾರ ಬೇರೆ, ವಸ್ತು ಬೇರೆ ಎಂಬ ಭೇದ ನಮಗೆ ಸಹಜವಾಗಿ ಕಾಣುತ್ತದೆ. ಫೋಟೋದಲ್ಲಿ ಅವೆರಡೂ ಬಣ್ಣದ ಚುಕ್ಕೆಗಳಾಗಿ ಒಂದರೊಳಗೊಂದು ಬೆರೆತಿರುತ್ತವೆ. ಆದ್ದರಿಂದ ಕೂಡಿಸುವ ಮೊದಲು ಬಿಡಿಸಬೇಕು. ಎರಡನೆಯ ಸಲ ಹೀಗೆ ಬರೆದೆ:

```
Sole from image 2: white matte foam, black rubber tread.
Straps, toe loop and braid from image 1: tan leather.
Do not blend the two materials. Light from the left.
```

ಬಹಳ ಸುಧಾರಿಸಿತು. ಫೋಮ್ ಬಿಳಿಯಾಗಿಯೇ ಉಳಿಯಿತು, ಚರ್ಮ ಚರ್ಮವಾಗಿ. ಆದರೆ ಹಿಗ್ಗಿಸಿ ನೋಡಿದಾಗ ಪಟ್ಟಿಯ ನಡುವಿನ ಮೂರೆಳೆ ಜಡೆ ಅರ್ಧದಾರಿಯಲ್ಲಿ ಎರಡೆಳೆಯಾಗಿತ್ತು, ಹೊಲಿಗೆ ಎಲ್ಲೋ ಹೊರಟು ಎಲ್ಲೋ ಮಾಯವಾಗಿತ್ತು. ಜಡೆಯೆಂದರೆ ಹೀಗಿರುತ್ತದೆ ಎಂಬ ಅಂದಾಜಿನ ಮೇಲೆ ತಂತ್ರಾಂಶ ಹೊಸದನ್ನು ಬರೆದಿತ್ತೇ ಹೊರತು ನನ್ನ ಫೋಟೋದ ಜಡೆಯನ್ನು ಎತ್ತಿಟ್ಟಿರಲಿಲ್ಲ. ದೂರದಿಂದ ನೋಡುವ ಗಿರಾಕಿಗೆ ಇದು ನಡೆದೀತು. ದಿನಕ್ಕೆ ನಾಲ್ಕು ಜಡೆ ಹೆಣೆಯುವವರ ಕಣ್ಣಿಗೆ ನಡೆಯದು.

ಹಾಗಾಗಿ ಹಳೆಯ ದಾರಿಗೆ ಬಂದೆ. ಕತ್ತರಿಸಿ ಅಂಟಿಸುವುದು, ಆಮೇಲೆ ಬೆಸುಗೆಯ ಜಾಗವನ್ನಷ್ಟೇ ಯಂತ್ರಕ್ಕೆ ಬಿಡುವುದು. ಇದಕ್ಕೆ ಮೊದಲು ಎರಡೂ ಫೋಟೋ ಒಂದೇ ಕಣ್ಣಿನಿಂದ ನೋಡಿದಂತಿರಬೇಕು. ನನ್ನ ಮೊದಲಿನವು ಹಾಗಿರಲಿಲ್ಲ. ಚಪ್ಪಲಿಯನ್ನು ಮೊಬೈಲಿನಲ್ಲಿ ಗೇಣುದ್ದ ದೂರದಿಂದ ತೆಗೆದಿದ್ದೆ. ಅಷ್ಟು ಹತ್ತಿರದಿಂದ ತೆಗೆದರೆ ಉಂಗುಟ ದೊಡ್ಡದಾಗಿ ಹಿಮ್ಮಡಿ ಚಿಕ್ಕದಾಗಿ ಕಾಣುತ್ತದೆ. ಅಂಥದ್ದನ್ನು ಯಾವ ಅಟ್ಟೆಯ ಮೇಲೆ ಕೂರಿಸಿದರೂ ಜಾರಿ ಬೀಳುವ ಹಾಗೆಯೇ ಕಾಣುತ್ತದೆ. ಕಿಟಕಿಯ ಪಕ್ಕದ ಮೇಜಿನ ಮೇಲೆ ಟೇಪಿನಿಂದ ಗುರುತು ಹಾಕಿ, ಎರಡು ಮೀಟರು ಹಿಂದೆ ಸರಿದು, ಜೂಮ್ ಲೆನ್ಸಿನಿಂದ, ಪಕ್ಕಕ್ಕೆ ತುಸು ಮೇಲಿನಿಂದ ಎರಡನ್ನೂ ಮತ್ತೆ ತೆಗೆದೆ. ಬೆಳಕು ಎಡದಿಂದ, ಒಂದೇ ಹೊತ್ತಿನಲ್ಲಿ. ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟೆ.

ಆ ಅಳತೆಪಟ್ಟಿ ಕೆಲಸ ಉಳಿಸಿತು. ಚಪ್ಪಲಿಯ ಉದ್ದ 27 ಸೆಂ.ಮೀ., ಫೋಟೋದಲ್ಲಿ 2160 ಪಿಕ್ಸೆಲ್. ಅಂದರೆ ಸೆಂಟಿಮೀಟರಿಗೆ 80. ಬೂಟನ್ನು ಸ್ವಲ್ಪ ಜಾಸ್ತಿ ಜೂಮ್ ಮಾಡಿದ್ದೆ, 30 ಸೆಂ.ಮೀ.ಗೆ 2700 ಪಿಕ್ಸೆಲ್, ಸೆಂಟಿಮೀಟರಿಗೆ 90. ಬೂಟಿನ ಫೋಟೋವನ್ನು ಸುಮಾರು ಶೇ. 89ಕ್ಕೆ ಕುಗ್ಗಿಸಿದರೆ ಎರಡರ ಅಳತೆಯೂ ಸರಿಹೋಗುತ್ತದೆ. ಕುಗ್ಗಿಸಿದಾಗ ಗೊತ್ತಾಯಿತು, ನನ್ನ ಬೂಟಿನ ಅಟ್ಟೆ ಚಪ್ಪಲಿಗಿಂತ ಪೂರಾ ಮೂರು ಸೆಂಟಿಮೀಟರು ಉದ್ದ. ಅಟ್ಟೆಯನ್ನು ಎಡಬಲದಿಂದ ಹಿಸುಕಿ ಕೂರಿಸುವ ಆಸೆ ಇಲ್ಲಿ ಎಲ್ಲರಿಗೂ ಬರುತ್ತದೆ. ಹಿಸುಕಿದರೆ ಕೆಳಗಿನ ರಬ್ಬರಿನ ಹಲ್ಲುಗಳು ಕಿರಿದಾಗುತ್ತವೆ, ಎತ್ತರ ಮಾತ್ರ ಹಾಗೇ ಉಳಿಯುತ್ತದೆ. ನೋಡುವವರಿಗೆ ಏನು ತಪ್ಪಿದೆಯೆಂದು ಹೇಳಲು ಬರುವುದಿಲ್ಲ, ಆದರೆ ಮನಸ್ಸು ಒಪ್ಪುವುದಿಲ್ಲ. ಮಗಳ ಬೂಟು 28 ಸೆಂ.ಮೀ. ಇತ್ತು. ಅದನ್ನೇ ಇಟ್ಟು ಮತ್ತೆ ತೆಗೆದೆ. ಹಿಂದೆ ಮುಂದೆ ಅರ್ಧರ್ಧ ಸೆಂಟಿಮೀಟರು ಚಾಚಿದ ಅಟ್ಟೆ ಹೇಳಿ ಮಾಡಿಸಿದ ಹಾಗೆ ಕಂಡಿತು.

ಪಟ್ಟಿಯನ್ನು ಕ್ರಿಟಾದಲ್ಲಿ ಅಂಚುಅಂಚಾಗಿ ಕತ್ತರಿಸಿ ಅಟ್ಟೆಯ ಮೇಲೆ ಇಟ್ಟಾಗ ಅದು ಕ್ಯಾಲೆಂಡರಿನಿಂದ ಹರಿದು ಅಂಟಿಸಿದಂತೆ ಕಾಣುತ್ತಿತ್ತು. ಕೋನ, ಅಳತೆ, ಬೆಳಕು ಮೂರೂ ಸರಿ ಇದ್ದವು. ಕೊರತೆ ಇದ್ದದ್ದು ವಸ್ತುಗಳ ನಡುವಿನ ನೆರೆಹೊರೆಯಲ್ಲಿ.

ಬೇಲೂರು, ಹಳೇಬೀಡಿನ ಗೋಡೆಗಳ ಮಕರವನ್ನು ನೆನೆಸಿಕೊಳ್ಳಿ. ಆನೆಯ ಸೊಂಡಿಲು, ಮೊಸಳೆಯ ಬಾಯಿ, ನವಿಲಿನ ಬಾಲ. ಎಲ್ಲೂ ಇಲ್ಲದ ಪ್ರಾಣಿಯಾದರೂ ಎದುರಿಗೆ ನಿಂತಾಗ ಅನುಮಾನ ಬರುವುದಿಲ್ಲ. ಶಿಲ್ಪಿಯ ಜಾಣ್ಮೆ ಇದ್ದೇ ಇದೆ, ಜೊತೆಗೆ ಇಡೀ ಪ್ರಾಣಿ ಒಂದೇ ಬಳಪದ ಕಲ್ಲು. ಸೊಂಡಿಲಿನ ಮೇಲೆ ಬೀಳುವ ಬೆಳಕೇ ಬಾಲದ ಮೇಲೂ ಅದೇ ರೀತಿ ಜಾರುತ್ತದೆ. ನನ್ನ ಚಿತ್ರಕ್ಕೆ ಆ ಅನುಕೂಲ ಇರಲಿಲ್ಲ. ಅದರಲ್ಲಿ ಎರಡು ಕಲ್ಲು.

ಚರ್ಮ ಚರ್ಮವೆಂದು ಕಾಣುವುದು ಬಣ್ಣದಿಂದಲ್ಲ, ಅದರ ಮೇಲಿನ ಹೊಳಪಿನಿಂದ. ಜಾಲಿ ತೊಗಟೆ, ಅಳಲೆಕಾಯಿಗಳಲ್ಲಿ ಹದಮಾಡಿದ ಈ ಚರ್ಮದ ಹೊಳಪು ಅಗಲವಾಗಿ, ಮಂದವಾಗಿ ಹರಡಿಕೊಳ್ಳುತ್ತದೆ. ಬಟ್ಟಲಿನ ಅಂಚಿನಂತೆ ಚೂಪಾಗಿ ಮಿಂಚಿತೆಂದರೆ ಅದು ರೆಕ್ಸಿನ್ ಆಯಿತು. ಆ ಹೊಳಪಿನ ಬಣ್ಣವನ್ನೂ ಗಮನಿಸಬೇಕು. ಅದು ಬೆಳಕಿನ ಬಣ್ಣವೇ ಹೊರತು ಚರ್ಮದ್ದಲ್ಲ. ಕಿಟಕಿಯ ಬೆಳಕಾದರೆ ಬಿಳಿ. ಹೊಳಪೇ ಕಂದಾಗಿದ್ದರೆ ಪಟ್ಟಿ ತಾಮ್ರದ ತಗಡಿನ ಹಾಗೆ ಕಾಣುತ್ತದೆ. ಫೋಮಿನಲ್ಲಿ ಹೊಳಪೆಂಬುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬೆಳಕಿನಿಂದ ನೆರಳಿಗೆ ಮೆಲ್ಲಗೆ ಇಳಿಯುವುದಷ್ಟೇ.

ಎರಡು ವಸ್ತು ಒಂದರ ಪಕ್ಕ ಒಂದು ಕುಳಿತರೆ ಪರಸ್ಪರ ಮೈಗೆ ಬಣ್ಣ ಎರಚಿಕೊಳ್ಳುತ್ತವೆ. ಬಿಳಿ ಫೋಮಿನ ಮೇಲೆ ಕಂದು ಪಟ್ಟಿ ಇದ್ದರೆ, ಪಟ್ಟಿಗೆ ತಗುಲಿದ ಅಂಚಿನಲ್ಲಿ ಫೋಮಿಗೆ ಚಹದ ಕಲೆಯಂಥ ನಸುಗೆಂಪು ಬರುತ್ತದೆ. ಫೋಮಿನಿಂದ ಎಗರಿದ ಬೆಳಕು ಪಟ್ಟಿಯ ಕೆಳಮೈಯನ್ನು ತುಸು ಬೆಳಗುತ್ತದೆ. ಎರಡೂ ಮುಟ್ಟುವ ಗೆರೆಯಲ್ಲಿ ಕೂದಲೆಳೆಯಷ್ಟು ಕಪ್ಪು ನೆರಳು ಇರುತ್ತದೆ. ನನ್ನ ಅಂಟುಚಿತ್ರದಲ್ಲಿ ಈ ಮೂರೂ ಇರಲಿಲ್ಲ. ಕಪ್ಪು ಗೆರೆಯನ್ನು ಕೈಯಿಂದಲೇ ಬಳಿದೆ, ಶುದ್ಧ ಕಪ್ಪಲ್ಲ, ಕಡು ಕಂದು. ಅಷ್ಟಕ್ಕೇ ಪಟ್ಟಿ ಅರ್ಧ ಕೂತಿತು.

ಉಳಿದರ್ಧಕ್ಕೆ ಎಐ ಬೇಕಾಯಿತು, ಆದರೆ ಹಗ್ಗ ಕಟ್ಟಿ. ಚರ್ಮ ಮತ್ತು ಫೋಮು ಸೇರುವ ಕಡೆ ಬೆರಳಗಲದ ಪಟ್ಟೆಯನ್ನಷ್ಟೇ ಗುರುತು ಮಾಡಿ, ಅದನ್ನು ಮಾತ್ರ ಮತ್ತೆ ಬರೆ ಎಂದೆ. ಇಂಥ ತಂತ್ರಾಂಶಗಳಲ್ಲಿ `Denoising strength` ಎಂಬ ಒಂದು ತಿರುಪು ಇರುತ್ತದೆ. ಸೊನ್ನೆಗೆ ಇಟ್ಟರೆ ಇದ್ದದ್ದು ಇದ್ದ ಹಾಗೇ ಉಳಿಯುತ್ತದೆ, 1ಕ್ಕೆ ಇಟ್ಟರೆ ಇದ್ದದ್ದನ್ನು ಪೂರಾ ಮರೆತು ಹೊಸದು ಬರೆಯುತ್ತದೆ. 0.7ರಲ್ಲಿ ಅದು ಎಲ್ಲೂ ಇಲ್ಲದ ಹಿತ್ತಾಳೆ ಬಕಲೊಂದನ್ನು ತಂದು ಜೋಡಿಸಿತು. 0.35ರಲ್ಲಿ ಹೊಲಿಗೆ ಕದಲಲಿಲ್ಲ, ಬಣ್ಣದ ಎರಚಲೂ ಬಂತು. ಜಡೆಯನ್ನು ಮುಟ್ಟಲು ಬಿಡಲೇ ಇಲ್ಲ.

ಮುಗಿಯಿತೆಂದುಕೊಂಡ ಮೇಲೆ ಎರಡು ಪರೀಕ್ಷೆ. ಚಿತ್ರವನ್ನು ಕಪ್ಪುಬಿಳುಪು ಮಾಡಿದೆ. ಬಣ್ಣದ ಮೋಡಿ ಹೋದ ಮೇಲೂ ಯಾವುದು ಚರ್ಮ ಯಾವುದು ಫೋಮು ಎಂದು ತಿಳಿಯಬೇಕು, ತಿಳಿಯಿತು. ಆಮೇಲೆ ಕನ್ನಡಿಯಂತೆ ತಿರುಗಿಸಿದೆ. ಪಳಗಿದ ಕಣ್ಣಿಗೆ ಹೊಸದಾಗಿ ಕಂಡಾಗ ತಪ್ಪು ಎದ್ದು ನಿಲ್ಲುತ್ತದೆ. ನಿಂತಿತು: ಚಪ್ಪಲಿಯ ನೆರಳು ಮೇಜಿನ ಮೇಲೆ ಎರಡು ಸಲ ಬಿದ್ದಿತ್ತು, ಬೂಟಿನದೊಂದು, ಪಟ್ಟಿಯ ಜೊತೆ ಕತ್ತರಿಸಿ ಬಂದ ಚೂರೊಂದು. ಅದನ್ನು ಅಳಿಸಿ, ಅಟ್ಟೆಯ ಪಕ್ಕದಲ್ಲಿದ್ದ ಬೂಟು ಕಂಪನಿಯ ಗುರುತನ್ನೂ ಅಳಿಸಿದೆ. ತೋರಿಸುವ ಚಿತ್ರಕ್ಕೆ ಅಷ್ಟು ಸಾಕು. ಮಾರುವ ವಸ್ತುವಾದರೆ ಅಳಿಸಿದ್ದಷ್ಟೇ ಸಾಲದು. ನಮ್ಮಲ್ಲಿ 2000ದ ವಿನ್ಯಾಸ ಕಾಯ್ದೆಯಡಿ ಅಟ್ಟೆಯ ಆಕಾರವನ್ನೂ ನೋಂದಾಯಿಸಿಕೊಳ್ಳಬಹುದು.

ಚಿತ್ರ ಹಿಡಿದು ಅಥಣಿಗೆ ಹೋದೆ. ಮೂವತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿರುವ ಹಿರಿಯರೊಬ್ಬರು ಕನ್ನಡಕ ಏರಿಸಿ ನೋಡಿದರು.

“ಚಿತ್ರ ಚಲೋ ಬಂದೈತ್ರಿ ಸರ. ತೊಗಲು ತೊಗಲಿನಂಗ ಐತಿ. ಆದ್ರ ಈ ಪಟ್ಟಿ ಒಳಗ ಎಲ್ಲಿ ಹೋಗಿ ಕುಂತೈತಿ?”

“ಫೋಮಿನ ಒಳಗೆ,” ಎಂದೆ.

“ಫೋಮಿಗೆ ಬಾರು ಹಿಡಿಯಂಗಿಲ್ರಿ. ನಾಕ ದಿನ ನಡದ್ರ ಹರಕೊಂಡ ಬರತೈತಿ.” ತಮ್ಮ ಚಪ್ಪಲಿಯನ್ನು ತಿರುವಿ ತೋರಿಸಿದರು. ಪಕ್ಕದ ಕಿವಿಗಳು ಎರಡು ಪದರ ಅಟ್ಟೆಯ ನಡುವೆ ಸಿಕ್ಕಿಕೊಂಡಿರುತ್ತವೆ, ಪಟ್ಟಿಯನ್ನು ಆ ಕಿವಿಗಳಿಗೆ ಹೊಲಿಯುತ್ತಾರೆ. ಮೊಳೆ ಇಲ್ಲ, ಎಲ್ಲವೂ ಚರ್ಮದ ಬಾರಿನದೇ ಹೊಲಿಗೆ. ನಾನು ಕತ್ತರಿಸುವಾಗ ಆ ಕಿವಿಗಳ ಬುಡವನ್ನೇ ಬಿಟ್ಟಿದ್ದೆ. ನನ್ನ ಕಣ್ಣಿಗೆ ಅದು ಅಲಂಕಾರದಂತೆ ಕಂಡಿತ್ತು.

ಅವರು ನನ್ನ ಪೆನ್ನು ತೆಗೆದುಕೊಂಡು, ಮುದ್ರಿಸಿ ತಂದ ಚಿತ್ರದ ಮೇಲೆ, ಪಟ್ಟಿಗೂ ಫೋಮಿಗೂ ನಡುವೆ ಉದ್ದಕ್ಕೊಂದು ಗೆರೆ ಎಳೆದರು. “ಇಲ್ಲಿ ಎಮ್ಮಿ ತೊಗಲಿಂದು ಒಂದ ಅಟ್ಟಿ ಹಾಕ್ರಿ. ಕಿವಿ ಅದರಾಗ ಹೊಲಿತೀನಿ. ನಿಮ್ಮ ಫೋಮು ಅದರ ಕೆಳಗ ಅಂಟಿಸಿದ್ರ ಆತು.”

ಈಗ ಎರಡನೆಯ ಚಿತ್ರ ಮಾಡುತ್ತಿದ್ದೇನೆ. ಬಿಳಿ ಫೋಮಿನ ಮೇಲೆ ನಾಲ್ಕು ಮಿಲಿಮೀಟರಿನ ಕಂದು ಪದರ, ಅಂದರೆ ನನ್ನ ಅಳತೆಯಲ್ಲಿ 32 ಪಿಕ್ಸೆಲ್. ಕತ್ತರಿಸಿದ ಚರ್ಮದ ಅಂಚು ಮೇಲ್ಮೈಯಷ್ಟು ಹೊಳೆಯುವುದಿಲ್ಲ, ನಾರುನಾರಾಗಿ ಮಂಕಾಗಿರುತ್ತದೆ. ಅದಕ್ಕಾಗಿ ಅವರ ಅಂಗಡಿಯಲ್ಲಿ ಬಿದ್ದಿದ್ದ ಒಂದು ತುಂಡನ್ನು ಕೇಳಿ ತಂದು ಅದೇ ಕಿಟಕಿಯ ಪಕ್ಕ ಇಟ್ಟಿದ್ದೇನೆ.