ಕಟಕ್ ಎನ್ನುವ ದವಡೆ

ಕಿವಿಯ ಮುಂದೆ, ಕೆನ್ನೆ ಶುರುವಾಗುವ ಜಾಗದಲ್ಲಿ ಎರಡೂ ಕಡೆ ಬೆರಳಿಟ್ಟು ನಿಧಾನವಾಗಿ ಬಾಯಿ ತೆರೆಯಿರಿ. ಬೆರಳಿನ ಕೆಳಗೆ ಗುಂಡಗಿನ ಮೂಳೆಯೊಂದು ಮುಂದಕ್ಕೆ ಜಾರುವುದು ತಿಳಿಯುತ್ತದೆ. ಬಾಯಿ ಮುಚ್ಚಿದರೆ ಅದು ಹಿಂದಕ್ಕೆ ಸರಿಯುತ್ತದೆ. ಅದೇ ದವಡೆ ಕೀಲು. ದಂತವೈದ್ಯರು ಇದನ್ನು ಟಿ.ಎಂ. ಜಾಯಿಂಟ್ ಅನ್ನುತ್ತಾರೆ. ಹಲವರಿಗೆ ಈ ಹೊತ್ತಿನಲ್ಲಿ ‘ಕಟಕ್’ ಎಂಬ ಸದ್ದೂ ಕೇಳಿಸುತ್ತದೆ. ಆ ಸದ್ದು ಕೇಳಿದ ಕೂಡಲೇ ಕೀಲು ಸವೆದುಹೋಯಿತೆಂದು ಹೆದರುವವರೂ ಇದ್ದಾರೆ, ನೋವು ಶುರುವಾಗಿ ತಿಂಗಳುಗಳಾದರೂ ಕಿವಿಗೆ ಎಣ್ಣೆ ಬಿಟ್ಟುಕೊಂಡು ಸುಮ್ಮನಿರುವವರೂ ಇದ್ದಾರೆ.

ಮೊಣಕಾಲು, ಮೊಣಕೈಗಳಿಗಿಂತ ಈ ಕೀಲಿನ ಚಲನೆ ಬೇರೆ ಥರ. ಬಾಯಿಯನ್ನು ಸ್ವಲ್ಪ ತೆರೆಯುವವರೆಗೆ ಕೆಳದವಡೆಯ ಗುಂಡು ತುದಿ ತನ್ನ ಗುಳಿಯಲ್ಲೇ ತಿರುಗುತ್ತದೆ. ಇನ್ನೂ ಅಗಲಿಸಿದರೆ ಅದು ಗುಳಿಯನ್ನು ಬಿಟ್ಟು ಮುಂದಕ್ಕೆ ಜಾರುತ್ತದೆ. ತುದಿಗೂ ತಲೆಬುರುಡೆಗೂ ನಡುವೆ ಗಟ್ಟಿ ನಾರಿನ ಒಂದು ಮೆತ್ತೆಯಿದೆ. ಅದರ ಅಂಚು ದಪ್ಪ, ನಡುಭಾಗ ತೆಳು. ಎಲ್ಲವೂ ಸರಿಯಿದ್ದಾಗ ಗುಂಡು ತುದಿ ತೆಳುವಾದ ನಡುಭಾಗದಲ್ಲಿ ಕೂತಿದ್ದು, ಮೆತ್ತೆಯನ್ನು ಜೊತೆಗೇ ಕರೆದೊಯ್ಯುತ್ತದೆ. ಕೆಲವರಲ್ಲಿ ಮೆತ್ತೆ ತುಸು ಮುಂದಕ್ಕೆ ಸರಿದಿರುತ್ತದೆ. ಬಾಯಿ ತೆರೆಯುವಾಗ ಗುಂಡು ತುದಿ ಮೆತ್ತೆಯ ದಪ್ಪ ಅಂಚನ್ನು ದಾಟಿ ನಡುಭಾಗಕ್ಕೆ ಹಾರಿ ಕೂರಬೇಕಾಗುತ್ತದೆ. ಕಟಕ್ ಎನ್ನುವುದು ಆ ದಾಟುವಿಕೆಯ ಸದ್ದು. ಮುಚ್ಚುವಾಗ ತುದಿ ಮತ್ತೆ ಜಾರಿ ಹೊರಬರುವುದರಿಂದ ಇನ್ನೊಂದು ಮೆಲ್ಲನೆಯ ಸದ್ದು ಬರುತ್ತದೆ.

ನೋವಿಲ್ಲದೆ, ಬಾಯಿ ಪೂರ್ತಿ ತೆರೆಯುತ್ತಿದ್ದು, ಬರೀ ಸದ್ದು ಮಾತ್ರ ಬರುತ್ತಿದ್ದರೆ ಚಿಕಿತ್ಸೆಯ ಅಗತ್ಯವಿಲ್ಲ. ಯಾವ ತೊಂದರೆಯೂ ಇಲ್ಲದವರ ಎಂ.ಆರ್.ಐ. ತೆಗೆದರೂ ಮೆತ್ತೆ ಸರಿದಿರುವುದು ಅನೇಕರಲ್ಲಿ ಕಾಣುತ್ತದೆ. ಸದ್ದು ಹಾಗೇ ಉಳಿದು ನೋವು ಪೂರ್ತಿ ವಾಸಿಯಾಗುವುದುಂಟು. ಆದ್ದರಿಂದ ಚಿಕಿತ್ಸೆ ಫಲಿಸಿತೇ ಎಂದು ನೋಡಬೇಕಾದದ್ದು ನೋವು ಮತ್ತು ಬಾಯಿ ತೆರೆಯುವ ಅಳತೆ, ಈ ಎರಡರಲ್ಲಿ.

ವೈದ್ಯರು ಆಗಾಗ ನೋಡುವ ಬಗೆಯ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಇಪ್ಪತ್ತೆಂಟು ವರ್ಷದ ಯುವತಿ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾಳೆ. ಎಡದವಡೆಯಲ್ಲಿ ಎರಡು ವರ್ಷದಿಂದ ಕಟಕ್ ಸದ್ದಿತ್ತು, ನೋವಿರಲಿಲ್ಲ. ಪರೀಕ್ಷೆ ಹತ್ತಿರವಾದಂತೆ ಬೆಳಿಗ್ಗೆ ಏಳುವಾಗ ಕಪಾಲದ ಪಕ್ಕ ನೋವು, ಕೆನ್ನೆಯಲ್ಲಿ ಬಿಗಿತ ಶುರುವಾಯಿತು. ಸಂಕ್ರಾಂತಿಯ ದಿನ ಕಬ್ಬನ್ನು ಹಲ್ಲಿನಲ್ಲೇ ಸಿಗಿದು ತಿಂದಳು. ಮರುದಿನ ಬೆಳಿಗ್ಗೆ ಸದ್ದು ಮಾಯ. ಆದರೆ ತುತ್ತು ಬಾಯಿಗೆ ಹೋಗದಷ್ಟು ದವಡೆ ಬಿಗಿದಿದೆ, ತೆರೆದಷ್ಟು ಬಾಯಿಯೂ ಎಡಕ್ಕೆ ವಾಲುತ್ತದೆ.

ಸದ್ದು ನಿಂತಿತಲ್ಲ ಎಂದು ಸಮಾಧಾನಪಡುವ ಹಾಗಿಲ್ಲ. ಗುಂಡು ತುದಿ ಈಗ ಮೆತ್ತೆಯ ಅಂಚನ್ನು ದಾಟುತ್ತಲೇ ಇಲ್ಲ. ಮೆತ್ತೆ ಮುಂದೆ ಮಡಚಿಕೊಂಡು ದಾರಿಗೆ ಅಡ್ಡ ನಿಂತಿದೆ. ಎಡಗೀಲು ಮುಂದಕ್ಕೆ ಜಾರಲಾರದು, ಬಲಗೀಲು ಜಾರುತ್ತದೆ, ಹಾಗಾಗಿ ಗದ್ದ ಎಡಕ್ಕೆ ತಿರುಗುತ್ತದೆ. ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ಅಂಚಿನ ನಡುವೆ ಸಾಧಾರಣ ಸ್ಕೇಲಿಟ್ಟು ಅಳೆದರೆ 28 ಮಿಲಿಮೀಟರ್ ಬರುತ್ತದೆ. ದೊಡ್ಡವರಲ್ಲಿ ಇದು ಸುಮಾರು 40 ಮಿ.ಮೀ.ಗಿಂತ ಹೆಚ್ಚಿರಬೇಕು. ಸ್ಕೇಲಿಲ್ಲದಿದ್ದರೆ ಮೂರು ಬೆರಳುಗಳನ್ನು ಜೋಡಿಸಿ, ಅಡ್ಡಲಾಗಿ ಬಾಯೊಳಗೆ ಇಳಿಸಿ ನೋಡಬಹುದು.

ವೈದ್ಯರು ಮೊದಲು ಬೇರೆ ಕಾಯಿಲೆಗಳನ್ನು ಬದಿಗಿಡುತ್ತಾರೆ. ಈ ನೋವು ಕಿವಿನೋವಿನಂತೆ, ದವಡೆಹಲ್ಲಿನ ನೋವಿನಂತೆ ಸೋಗು ಹಾಕುತ್ತದೆ. ಕಿವಿ ಶುದ್ಧವಾಗಿದ್ದು, ಹಲ್ಲು ಹುಳುಕಾಗದೆ, ಅಗಿದಾಗ ನೋವು ಹೆಚ್ಚಿ, ಕೆನ್ನೆಯ ಸ್ನಾಯುವನ್ನೋ ಕೀಲನ್ನೋ ಒತ್ತಿದಾಗ ಅದೇ ನೋವು ಮರುಕಳಿಸಿದರೆ ಅನುಮಾನ ದವಡೆಯ ಮೇಲೆ ನಿಲ್ಲುತ್ತದೆ. ನಮ್ಮ ಕಡೆ ಇನ್ನೊಂದನ್ನು ನೋಡಲೇಬೇಕು. ಅಡಿಕೆ, ಗುಟ್ಕಾ ಜಗಿಯುವವರಲ್ಲಿ ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ಕ್ರಮೇಣ ಬಿಗಿಯುತ್ತದೆ. ಅಲ್ಲಿ ಖಾರ ತಿಂದರೆ ಉರಿ, ಕೆನ್ನೆಯೊಳಗೆ ಬಿಳಿಚಿದ ಬಣ್ಣ, ಮುಟ್ಟಿದರೆ ಪಟ್ಟಿಗಳಂಥ ಗಟ್ಟಿತನ ಇರುತ್ತದೆ. ಅದು ಕೀಲಿನ ತೊಂದರೆಯಲ್ಲ, ಕ್ಯಾನ್ಸರಿಗೆ ತಿರುಗಬಲ್ಲ ಬೇರೆಯೇ ರೋಗ. ಐವತ್ತು ದಾಟಿದವರಲ್ಲಿ ಹೊಸದಾಗಿ ಕಪಾಲದ ನೋವು, ಅಗಿಯುವಾಗ ದವಡೆ ಸೋಲು, ಕಣ್ಣು ಮಂಜಾಗುವುದು ಕಂಡರೆ ರಕ್ತನಾಳದ ಉರಿಯೂತವಿರಬಹುದು. ಅದಕ್ಕೆ ಅದೇ ದಿನ ವೈದ್ಯರನ್ನು ಕಾಣಬೇಕು. ನಡೆದಾಗ, ಮೆಟ್ಟಿಲು ಹತ್ತಿದಾಗ ಮಾತ್ರ ಬಂದು ವಿಶ್ರಾಂತಿಯಲ್ಲಿ ಹೋಗುವ ದವಡೆನೋವು ಹೃದಯದ್ದಾಗಿರಬಹುದು.

ನಮ್ಮ ಯುವತಿಗೆ ಇವಾವುವೂ ಇಲ್ಲ. ಚಿಕಿತ್ಸೆ ಶುರುವಾಗುವುದು ಊಟದ ತಟ್ಟೆಯಿಂದ. ಕೆಲವು ವಾರ ಮೆತ್ತನೆಯ ಆಹಾರ: ಗಂಜಿ, ಇಡ್ಲಿ, ಮೊಸರನ್ನ, ಮೆತ್ತಗೆ ಬೆಂದ ಪಲ್ಯ. ಅಗಿಯದೆ ನುಂಗುವ ರಾಗಿಮುದ್ದೆ ಇಲ್ಲಿ ಬಲು ಅನುಕೂಲ. ಕಬ್ಬು, ಚಕ್ಕುಲಿ, ಕೋಡುಬಳೆ, ಕಡಕ್ ರೊಟ್ಟಿ, ಚ್ಯೂಯಿಂಗ್ ಗಮ್ ದೂರ. ಆಕಳಿಕೆ ಬಂದರೆ ಗದ್ದದ ಕೆಳಗೆ ಮುಷ್ಟಿ ಆನಿಸಿ ಬಾಯಿ ಅಗಲವಾಗದಂತೆ ತಡೆಯಬೇಕು. ಕೆನ್ನೆಗೆ ದಿನಕ್ಕೆ ಎರಡು ಮೂರು ಸಲ, ಹದಿನೈದು ಇಪ್ಪತ್ತು ನಿಮಿಷ ಬಿಸಿ ಬಟ್ಟೆಯ ಶಾಖ.

ಇದಕ್ಕಿಂತ ಮುಖ್ಯವಾದದ್ದು ಹಗಲಿನ ಅಭ್ಯಾಸ. ಓದುವಾಗ, ಮೊಬೈಲ್ ನೋಡುವಾಗ, ವಾಹನ ಓಡಿಸುವಾಗ ಅನೇಕರು ಗೊತ್ತಿಲ್ಲದೆ ಹಲ್ಲು ಕಚ್ಚಿಕೊಂಡಿರುತ್ತಾರೆ. ಮೇಲಿನ ಮತ್ತು ಕೆಳಗಿನ ಹಲ್ಲುಗಳು ತಾಗಬೇಕಾದದ್ದು ಅಗಿಯುವಾಗ, ನುಂಗುವಾಗ ಮಾತ್ರ. ಉಳಿದ ಹೊತ್ತು ತುಟಿ ಮುಚ್ಚಿ, ಹಲ್ಲು ಬಿಡಿಸಿ, ನಾಲಿಗೆಯ ತುದಿಯನ್ನು ಮೇಲಿನ ಹಲ್ಲುಗಳ ಹಿಂದಿನ ಅಂಗುಳಿಗೆ ಸಡಿಲವಾಗಿ ತಾಗಿಸಿಡಬೇಕು. ಪುಸ್ತಕದ ಮೇಲೊಂದು ಬಣ್ಣದ ಚೀಟಿ ಅಂಟಿಸಿ, ಕಣ್ಣಿಗೆ ಬಿದ್ದಾಗಲೆಲ್ಲ ದವಡೆ ಸಡಿಲವಾಗಿದೆಯೇ ಎಂದು ಪರೀಕ್ಷಿಸಿಕೊಳ್ಳುವುದು ಸರಳ ಉಪಾಯ. ಹಲ್ಲು ಕಚ್ಚುವುದರ ಹಿಂದೆ ಒತ್ತಡ, ನಿದ್ದೆಗೇಡುತನ ಇದ್ದರೆ ಅವುಗಳಿಗೂ ಆಪ್ತಸಮಾಲೋಚನೆ ಬೇಕು. ಇದರರ್ಥ ನೋವು ಮನಸ್ಸಿನ ಕಲ್ಪನೆ ಎಂದಲ್ಲ. ಬಿಗಿದ ಸ್ನಾಯು ನಿಜವಾಗಿಯೇ ನೋಯುತ್ತದೆ.

ಮೊದಲ ವಾರ ನೋವು ತಗ್ಗಲು ವೈದ್ಯರು ಉರಿಯೂತ ಇಳಿಸುವ ಮಾತ್ರೆ ಕೊಡಬಹುದು. ಅದು ಕೆಲ ದಿನಗಳ ಮಟ್ಟಿಗೆ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇರುವವರು ತಾವೇ ಅಂಗಡಿಯಿಂದ ತಂದು ನುಂಗಬಾರದು. ಬಳಿಕ ಫಿಸಿಯೋಥೆರಪಿ. ಕೈಗವಸು ಹಾಕಿದ ಹೆಬ್ಬೆರಳನ್ನು ಎಡಗಡೆಯ ಕೆಳದವಡೆಹಲ್ಲುಗಳ ಮೇಲಿಟ್ಟು, ದವಡೆಯನ್ನು ಕೆಳಕ್ಕೆ ಮತ್ತು ಮುಂದಕ್ಕೆ ಮೆಲ್ಲಗೆ ಎಳೆದು ಹಿಡಿಯುತ್ತಾರೆ. ಬಿಗಿತ ಹೊಸದಾಗಿದ್ದಷ್ಟು ಇದರ ಫಲ ಚೆನ್ನ. ಮನೆಯಲ್ಲಿ ಮಾಡಲು ವ್ಯಾಯಾಮ ಹೇಳಿಕೊಡುತ್ತಾರೆ. ನಾಲಿಗೆಯನ್ನು ಅಂಗುಳಿಗೆ ತಾಗಿಸಿಟ್ಟುಕೊಂಡೇ, ಗದ್ದ ಪಕ್ಕಕ್ಕೆ ವಾಲದಂತೆ ಕನ್ನಡಿ ನೋಡುತ್ತ ನಿಧಾನವಾಗಿ ಬಾಯಿ ತೆರೆದು ಮುಚ್ಚುವುದು, ಒಂದು ಸಲಕ್ಕೆ ಆರು ಬಾರಿ, ದಿನದಲ್ಲಿ ಹಲವು ಸಲ. ಆಮೇಲೆ ಬೆರಳ ಸಹಾಯದಿಂದ ಮೆಲ್ಲಗೆ ಹಿಗ್ಗಿಸುವುದು. ಹಿಗ್ಗಿದ ಅನುಭವವಾಗಬೇಕು, ಚುಚ್ಚುವ ನೋವಾಗಬಾರದು. ಮರುದಿನಕ್ಕೂ ನೋವು ಉಳಿದರೆ ಬಲ ಹೆಚ್ಚಾಯಿತೆಂದು ಅರ್ಥ.

ವಾರಕ್ಕೊಮ್ಮೆ ಅದೇ ಸ್ಕೇಲಿನಲ್ಲಿ ಅಳೆದು ಬರೆದಿಟ್ಟರೆ ಪ್ರಗತಿ ಕಣ್ಣಿಗೆ ಕಾಣುತ್ತದೆ. ನಮ್ಮ ಉದಾಹರಣೆಯಲ್ಲಿ 28 ಮಿ.ಮೀ. ಇದ್ದದ್ದು ಆರು ವಾರದಲ್ಲಿ 35ಕ್ಕೆ, ಮೂರು ತಿಂಗಳಲ್ಲಿ 40ಕ್ಕೆ ಬರುತ್ತದೆ ಎಂದುಕೊಳ್ಳೋಣ. ಇದು ಅತಿ ಆಶಾವಾದವಲ್ಲ. ಮೆತ್ತೆ ಹಳೆಯ ಜಾಗಕ್ಕೆ ಮರಳದಿದ್ದರೂ ಅದರ ಹಿಂದಿನ ಅಂಗಾಂಶ ಒತ್ತಡಕ್ಕೆ ಒಗ್ಗಿಕೊಂಡು ಗಟ್ಟಿಯಾಗುತ್ತದೆ. ಕೀಲು ಹಾಗೆಯೇ ಕೆಲಸ ಮಾಡಲು ಕಲಿಯುತ್ತದೆ.

ರಾತ್ರಿ ಹಲ್ಲಿಗೆ ಹಾಕಿಕೊಳ್ಳುವ ಪಾರದರ್ಶಕ ಪ್ಲೇಟಿನ ವಿಷಯದಲ್ಲಿ ಎಚ್ಚರ ಬೇಕು. ನೈಟ್‌ಗಾರ್ಡ್ ನಿದ್ದೆಯಲ್ಲಿ ಹಲ್ಲು ಕಡಿಯುವವರ ಹಲ್ಲು ಸವೆಯದಂತೆ ಕಾಯುತ್ತದೆ. ಆದರೆ ದೀರ್ಘಕಾಲದ ನೋವಿಗೆ ಮದ್ದಾಗಿ ಅದರ ಮೇಲಿನ ಭರವಸೆ ಈಗ ಇಳಿದಿದೆ. 2023ರಲ್ಲಿ ಬಿ.ಎಂ.ಜೆ. ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಮಾರ್ಗಸೂಚಿ ದವಡೆಯ ವ್ಯಾಯಾಮ, ಕೈಯಿಂದ ಮಾಡುವ ಚಿಕಿತ್ಸೆ, ತಿಳಿವಳಿಕೆ ಮತ್ತು ನಡವಳಿಕೆಯ ಆಪ್ತಸಮಾಲೋಚನೆಗಳನ್ನು ಒತ್ತಿ ಶಿಫಾರಸು ಮಾಡಿತು. ನೈಟ್‌ಗಾರ್ಡನ್ನು ಸಾಮಾನ್ಯವಾಗಿ ಬೇಡವೆನ್ನುವ ಪಟ್ಟಿಗೆ ಸೇರಿಸಿತು. ಹಾಕಿಸಿಕೊಳ್ಳುವುದಾದರೆ ಎಲ್ಲ ಹಲ್ಲುಗಳನ್ನೂ ಮುಚ್ಚುವಂಥದ್ದನ್ನು ರಾತ್ರಿ ಮಾತ್ರ ಬಳಸಬೇಕು. ಕೆಲವೇ ಹಲ್ಲು ಮುಚ್ಚುವ ಪ್ಲೇಟನ್ನು ಬಹಳ ದಿನ ಹಾಕಿದರೆ ಹಲ್ಲುಗಳು ಸರಿದು, ಕಚ್ಚುವ ಜೋಡಣೆಯೇ ಕೆಡಬಹುದು.

ಮಾಡಿಸಬಾರದ ಕೆಲಸವೆಂದರೆ ಹಲ್ಲು ಉಜ್ಜಿ ಕಚ್ಚು ಸರಿಪಡಿಸುವುದು. ಇದರ ಬೇರು 1934ರಲ್ಲಿದೆ. ಅಮೆರಿಕದ ಸೇಂಟ್ ಲೂಯಿಸ್‌ನ ಕಿವಿ ತಜ್ಞ ಜೇಮ್ಸ್ ಕಾಸ್ಟೆನ್, ದವಡೆಹಲ್ಲು ಉದುರಿ ಕಚ್ಚು ಕೆಟ್ಟದ್ದೇ ಈ ನೋವಿಗೂ ಕಿವಿಯ ತೊಂದರೆಗೂ ಕಾರಣವೆಂದು ಬರೆದರು. ಮುಂದಿನ ದಶಕಗಳಲ್ಲಿ ಅಸಂಖ್ಯಾತ ಒಳ್ಳೆಯ ಹಲ್ಲುಗಳು ಈ ನಂಬಿಕೆಗೆ ಬಲಿಯಾದವು. ಕಚ್ಚು ಮುಖ್ಯ ಕಾರಣವಲ್ಲವೆಂಬುದು ಈಗ ಸ್ಪಷ್ಟ. ಉಜ್ಜಿದ ಹಲ್ಲು ಮರಳಿ ಬೆಳೆಯದು.

ಶಸ್ತ್ರಕ್ರಿಯೆಯ ಚರಿತ್ರೆ ಇನ್ನೂ ಕಹಿ. 1980ರ ದಶಕದಲ್ಲಿ ಅಮೆರಿಕದಲ್ಲಿ ಮೆತ್ತೆಯನ್ನು ತೆಗೆದು ಅಲ್ಲಿ ಟೆಫ್ಲಾನ್ ಬೆರೆತ ಕೃತಕ ಪದರ ಕೂರಿಸಿದರು. ಅಗಿಯುವ ಒತ್ತಡಕ್ಕೆ ಅದು ಪುಡಿಯಾಗಿ, ಆ ಕಣಗಳ ವಿರುದ್ಧ ದೇಹ ಕೆರಳಿ, ಸುತ್ತಲಿನ ಮೂಳೆಯೇ ಕರಗಿತು. ಕೊನೆಗೆ ಅದನ್ನು ಮಾರುಕಟ್ಟೆಯಿಂದ ಹಿಂತೆಗೆಯಬೇಕಾಯಿತು. ದವಡೆ ಬಿಗಿದವರ ಮೇಲೆ ಅಮೆರಿಕದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗವೊಂದು ಹೆಚ್ಚು ಪಾಠ ಕಲಿಸುತ್ತದೆ. 106 ರೋಗಿಗಳನ್ನು ನಾಲ್ಕು ಗುಂಪು ಮಾಡಿ, ಒಂದಕ್ಕೆ ಔಷಧ ಮತ್ತು ಸಲಹೆ, ಇನ್ನೊಂದಕ್ಕೆ ಫಿಸಿಯೋಥೆರಪಿ ಮುಂತಾದವು, ಉಳಿದೆರಡಕ್ಕೆ ಎರಡು ಬಗೆಯ ಶಸ್ತ್ರಕ್ರಿಯೆ ಕೊಟ್ಟು ಐದು ವರ್ಷ ನೋಡಿದರು. ನಾಲ್ಕೂ ಗುಂಪಿನವರು ಸುಧಾರಿಸಿದರು, ಯಾವ ಗುಂಪೂ ಇನ್ನೊಂದನ್ನು ಮೀರಲಿಲ್ಲ.

ಶಸ್ತ್ರಕ್ರಿಯೆ ಎಂದೂ ಬೇಡವೆಂದಲ್ಲ. ಪೆಟ್ಟು ಬಿದ್ದು ಕೀಲು ಮೂಳೆಗೆ ಅಂಟಿಹೋದಾಗ, ಗಡ್ಡೆ ಬೆಳೆದಾಗ, ಸಂಧಿವಾತದಿಂದ ಕೀಲು ನಾಶವಾದಾಗ ಅದು ಬೇಕು. ತಿಂಗಳುಗಟ್ಟಲೆ ಸರಿಯಾಗಿ ವ್ಯಾಯಾಮ ಮಾಡಿಯೂ ಬಾಯಿ ತೆರೆಯದೆ, ನೋವು ಇಳಿಯದೆ ಉಳಿದ ಕೆಲವರಿಗೆ ಮುಂದಿನ ದಾರಿಯ ಮಾತು ಬರುತ್ತದೆ. ಆಗ ಮೊದಲು ಯೋಚಿಸುವುದು ಎರಡು ಸೂಜಿಗಳಿಂದ ಕೀಲಿನೊಳಗೆ ದ್ರಾವಣ ಹಾಯಿಸಿ ತೊಳೆಯುವ ಸಣ್ಣ ವಿಧಾನವನ್ನು. ಅದರ ಲಾಭದ ಬಗ್ಗೆಯೂ ತಜ್ಞರಲ್ಲಿ ಒಮ್ಮತವಿಲ್ಲ.

ದವಡೆ ಬಿಗಿದರೆ ದಂತ ಕಾಲೇಜಿನ ಓರಲ್ ಮೆಡಿಸಿನ್ ವಿಭಾಗಕ್ಕೆ ಆದಷ್ಟು ಬೇಗ ಹೋಗಿ, ಏಕೆಂದರೆ ಹೊಸ ಬಿಗಿತವನ್ನು ಕೈಯಿಂದ ಬಿಡಿಸುವುದು ಸುಲಭ. ಅಲ್ಲಿ ಹಲ್ಲು ಉಜ್ಜುವ, ಕ್ಯಾಪ್ ಹಾಕುವ, ಕೀಲು ತೆರೆಯುವ ಮಾತು ಬಂದರೆ ಒಂದೇ ಪ್ರಶ್ನೆ ಕೇಳಿ: ‘ಡಾಕ್ಟ್ರೇ, ಇದು ಫಲಿಸದಿದ್ದರೆ ಮೊದಲಿದ್ದ ಹಾಗೆ ಮಾಡಬಹುದೇ?’ ಇಲ್ಲವೆಂಬ ಉತ್ತರ ಬಂದರೆ, ಮೆತ್ತನೆಯ ಊಟ, ಶಾಖ, ವ್ಯಾಯಾಮಗಳನ್ನು ಮೂರು ತಿಂಗಳು ಶ್ರದ್ಧೆಯಿಂದ ಮಾಡಿ ಮುಗಿಸುವವರೆಗೂ ಒಪ್ಪಿಗೆ ಕೊಡಬೇಡಿ.