240 ರಿಜಿಸ್ಟ್ರೇಷನ್ ಅಂದ್ರೆ ಎಷ್ಟು ಊಟ? ಕಾರ್ಯಕ್ರಮದ ಊಟ-ತಿಂಡಿ ಲೆಕ್ಕ ಹಾಕೋದು ಹೇಗೆ

(ಪಾಡ್‌ಕಾಸ್ಟ್ ಎಪಿಸೋಡ್‌ನ ಬರಹ ರೂಪ)

ಕಾಲೇಜಿನ ಫೆಸ್ಟ್ ಇರಬಹುದು, ನಿಮ್ಮ ಸಂಘದ ಕಾರ್ಯಾಗಾರ ಇರಬಹುದು, ಎಲ್ಲಾ ಕಡೆ ಒಂದು ಹಂತದಲ್ಲಿ ಅಡುಗೆಯವರು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳ್ತಾರೆ: "ಎಷ್ಟು ಜನಕ್ಕೆ ಮಾಡ್ಲಿ?" ನಾವು ಗೂಗಲ್ ಫಾರ್ಮ್ ತೆಗೆದು, ಅಲ್ಲಿರೋ ಸಂಖ್ಯೆನೇ ಹೇಳಿಬಿಡ್ತೀವಿ. ಇವತ್ತಿನ ಎಪಿಸೋಡ್ ಆ ಉತ್ತರದ ಬಗ್ಗೆ. ಯಾಕಂದ್ರೆ ಒಂದು ಕಾರ್ಯಕ್ರಮಕ್ಕೆ ಒಂದೇ ಸಂಖ್ಯೆ ಇರೋದಿಲ್ಲ. ತಿಂಡಿಗೆ ಒಂದು, ಚಹಾಕ್ಕೆ ಒಂದು, ಊಟಕ್ಕೆ ಇನ್ನೊಂದು ಇರುತ್ತೆ.

ನಾನು ಬಿಕಾಂ ಓದಿದವನು, ಹಾಗಾಗಿ ಲೆಕ್ಕ ಇಟ್ಕೊಂಡೇ ಮಾತಾಡ್ತೀನಿ. ಒಂದು ಉದಾಹರಣೆ ತಗೊಳ್ಳೋಣ. ದಾವಣಗೆರೆಯಲ್ಲಿ ಒಂದು ಭಾನುವಾರ, ಸಣ್ಣ ವ್ಯಾಪಾರಿಗಳಿಗೆ ಒಂದು ದಿನದ ಉಚಿತ ಕಾರ್ಯಾಗಾರ ಅಂದ್ಕೊಳ್ಳಿ. ಬೆಳಿಗ್ಗೆ 9ಕ್ಕೆ ತಿಂಡಿ, 10ಕ್ಕೆ ಮೊದಲ ಗೋಷ್ಠಿ, 11:15ಕ್ಕೆ ಚಹಾ, 1 ಗಂಟೆಗೆ ಊಟ, 3:30ಕ್ಕೆ ಮತ್ತೆ ಚಹಾ, 4:30ಕ್ಕೆ ಮುಕ್ತಾಯ. ಫಾರ್ಮ್‌ನಲ್ಲಿ 240 ಹೆಸರು ಬಂದಿವೆ.

ಮೊದಲು ಪಟ್ಟಿ ಕ್ಲೀನ್ ಮಾಡಿ

ಕೆಲವರು ಎರಡೆರಡು ಸಲ ಫಾರ್ಮ್ ತುಂಬಿರ್ತಾರೆ. ಹೆಸರನ್ನ ಬೇರೆ ಬೇರೆ ಥರ ಬರೆದಿರ್ತಾರೆ, ಆದ್ರೆ ಫೋನ್ ನಂಬರ್ ಒಂದೇ ಇರುತ್ತೆ. ಹಾಗಾಗಿ ನಂಬರ್ ಪ್ರಕಾರ ಸಾರ್ಟ್ ಮಾಡಿ ನೋಡಿ. ಒಂದು ಎಚ್ಚರಿಕೆ, ಗಂಡ-ಹೆಂಡತಿ ಒಂದೇ ನಂಬರ್ ಕೊಟ್ಟಿರಬಹುದು, ಅಂಥ ಕಡೆ ಹೆಸರನ್ನೂ ನೋಡಿ. ನಮ್ಮ ಪಟ್ಟಿಯಲ್ಲಿ 15 ಹೆಸರು ಹೋಗಿ 225 ಉಳಿದವು ಅಂತಿಟ್ಕೊಳ್ಳೋಣ.

"ಬರ್ತೀರಾ?" ಅಂತ ಕೇಳೋದು ಸಾಕಾಗಲ್ಲ

ಎರಡು ದಿನ ಮೊದಲು ಎಲ್ಲರಿಗೂ ಒಂದು ವಾಟ್ಸಾಪ್ ಮೆಸೇಜ್ ಹೋಗಬೇಕು. ಬರೀ "ಬರ್ತೀರಾ?" ಅಂದ್ರೆ "ಹೂಂ" ಅಂತ ಉತ್ತರ ಬರುತ್ತೆ, ಅದರಿಂದ ಅಡುಗೆಗೆ ಏನೂ ಗೊತ್ತಾಗಲ್ಲ. ಒಂದು ನಂಬರ್ ಒತ್ತಿ ಅಂತ ಕೇಳಿ. 1 ಅಂದ್ರೆ ಇಡೀ ದಿನ ಇರ್ತೀನಿ, 2 ಅಂದ್ರೆ ಬೆಳಿಗ್ಗೆ ಮಾತ್ರ, 3 ಅಂದ್ರೆ ಮಧ್ಯಾಹ್ನ ಮಾತ್ರ, 4 ಅಂದ್ರೆ ಬರೋಕಾಗಲ್ಲ.

ನಮ್ಮ ಉದಾಹರಣೆಯಲ್ಲಿ ಉತ್ತರ ಹೀಗೆ ಬಂತು: ಇಡೀ ದಿನ 90, ಬೆಳಿಗ್ಗೆ ಮಾತ್ರ 25, ಮಧ್ಯಾಹ್ನ ಮಾತ್ರ 15, ಬರಲ್ಲ ಅಂದವರು 30. ಉಳಿದ 65 ಜನ ಉತ್ತರನೇ ಕೊಟ್ಟಿಲ್ಲ.

ಈಗ ಪ್ರತಿ ಗುಂಪಲ್ಲೂ ನಿಜವಾಗಿ ಎಷ್ಟು ಜನ ಬರಬಹುದು ಅಂತ ಅಂದಾಜು ಮಾಡಬೇಕು. ಬರ್ತೀನಿ ಅಂದವರಲ್ಲಿ ನೂರಕ್ಕೆ 85, ಉತ್ತರ ಕೊಡದವರಲ್ಲಿ ನೂರಕ್ಕೆ 25 ಅಂತ ನಾನು ಇಲ್ಲಿ ಹಿಡಿದಿದ್ದೀನಿ. ಇದು ಉದಾಹರಣೆಗೆ ಹಿಡಿದ ದರ, ಎಲ್ಲಾ ಕಡೆ ನಡೆಯೋ ಸೂತ್ರ ಅಲ್ಲ. ನಿಮ್ಮದೇ ಹಿಂದಿನ ಕಾರ್ಯಕ್ರಮದ ಹಾಜರಾತಿ ಇದ್ರೆ ಅದೇ ನಿಮಗೆ ಸರಿಯಾದ ದರ. ಒಂದಂತೂ ನಿಜ: ದುಡ್ಡು ಕೊಟ್ಟು ಟಿಕೆಟ್ ತಗೊಂಡವರಿಗಿಂತ ಉಚಿತ ಕಾರ್ಯಕ್ರಮದಲ್ಲಿ ತಪ್ಪಿಸ್ಕೊಳ್ಳೋರು ಜಾಸ್ತಿ. ಆ ದಿನ ಮದುವೆ ಮುಹೂರ್ತ ಇದೆಯಾ, ಮಳೆ ಇದೆಯಾ ಅಂತನೂ ನೋಡ್ಕೊಳ್ಳಿ. ಜೊತೆಗೆ ಏಕಾದಶಿ ಇದ್ರೆ ಕೆಲವರು ಅನ್ನ ಮುಟ್ಟಲ್ಲ, ರಂಜಾನ್ ತಿಂಗಳಾದ್ರೆ ಉಪವಾಸ ಇರೋರು ಹಗಲು ಏನೂ ತಗೊಳ್ಳಲ್ಲ.

ಈ ದರದಲ್ಲಿ ಇಡೀ ದಿನದವರು 77, ಬೆಳಿಗ್ಗೆಯವರು 21, ಮಧ್ಯಾಹ್ನದವರು 13, ಉತ್ತರ ಕೊಡದವರಿಂದ 16. ಉತ್ತರ ಕೊಡದೆ ಬಂದವರು ಇಡೀ ದಿನ ಇರ್ತಾರೆ ಅಂತ ಹಿಡಿಯೋಣ.

ಇನ್ನೊಂದು ಗುಂಪು ಯಾವ ಫಾರ್ಮ್‌ನಲ್ಲೂ ಇರಲ್ಲ. ಭಾಷಣಕಾರರು, ಸ್ವಯಂಸೇವಕರು, ಸೌಂಡ್ ಸಿಸ್ಟಮ್‌ನವರು, ಕ್ಯಾಮೆರಾದವರು, ಡ್ರೈವರ್‌ಗಳು. ನಮ್ಮಲ್ಲಿ ಒಟ್ಟು 24 ಜನ. ಇವರಲ್ಲಿ ಯಾರೂ ತಪ್ಪಿಸ್ಕೊಳ್ಳಲ್ಲ, ಪೂರ್ತಿ ದಿನ ಅಲ್ಲೇ ಇರ್ತಾರೆ. ಎಲ್ಲರಿಗಿಂತ ಕೊನೆಯಲ್ಲಿ ಊಟಕ್ಕೆ ಕೂರೋರೂ ಇವರೇ. ಲೆಕ್ಕ ತಪ್ಪಿದ್ರೆ ಖಾಲಿ ಪಾತ್ರೆ ಸಿಗೋದು ಬೆಳಿಗ್ಗೆ 7ಕ್ಕೆ ಬಂದು ಕುರ್ಚಿ ಹಾಕಿದ ಹುಡುಗರಿಗೆ. ಅದಕ್ಕೆ ಈ 24ನ್ನ ಮೊದಲೇ ಬರ್ಕೊಳ್ಳಿ.

ಈಗ ಗಡಿಯಾರ ನೋಡಿ

ಪ್ರತಿ ಸಮಯಕ್ಕೆ ಬಾಗಿಲೊಳಗೆ ಯಾರ್ಯಾರು ಇರ್ತಾರೆ ಅಂತ ಕೇಳ್ಕೊಳ್ಳಿ.

9 ಗಂಟೆ ತಿಂಡಿ. ಬೆಳಿಗ್ಗೆ ಬರೋರು 77, 21, 16 ಸೇರಿ 114. ಆದ್ರೆ ಭಾನುವಾರ, ಕೆಲವರು ಮನೇಲೇ ತಿಂದು ಬರ್ತಾರೆ, ಕೆಲವರು ಬರೋದೇ 10 ಗಂಟೆ ಮೇಲೆ. ಮೂರರಲ್ಲಿ ಎರಡು ಪಾಲು ಅಂದ್ರೆ ಸುಮಾರು 75 ಜನ, ಜೊತೆಗೆ ನಮ್ಮ 24. ಸುಮಾರು 100 ಪ್ಲೇಟ್ ಆಯ್ತು.

11:15ರ ಚಹಾ. ಈಗ ತಡವಾಗಿ ಬಂದವರೂ ಒಳಗಿದ್ದಾರೆ. 114ಕ್ಕೆ 24 ಸೇರಿಸಿದ್ರೆ 138, ಅಂದ್ರೆ 140 ಕಪ್. ಒಂದು ಕಪ್‌ಗೆ 80 ಎಂಎಲ್ ಹಾಕಿದ್ರೂ 11 ಲೀಟರ್ ಮೇಲೆ ಬೇಕು, 12 ಲೀಟರ್ ಹೇಳಿ. ಕೆಲವರು ಚಹಾ ಕುಡಿಯಲ್ಲ, ಕೆಲವರು ಎರಡು ಕಪ್ ಕುಡೀತಾರೆ, ಅದು ಅಲ್ಲಿಗಲ್ಲಿಗೆ ಸರಿಹೋಗುತ್ತೆ.

1 ಗಂಟೆ ಊಟ. ಇಲ್ಲಿ ಗಮನ ಕೊಡಿ. ಬೆಳಿಗ್ಗೆ ಮಾತ್ರ ಅಂದಿದ್ದ 21 ಜನ ಊಟ ಮಾಡ್ತಾರಾ? ಗೋಷ್ಠಿ ಸರಿಯಾಗಿ 1ಕ್ಕೆ ಮುಗಿದು ಪಕ್ಕದಲ್ಲೇ ಊಟ ಇದ್ರೆ ಮಾಡ್ಕೊಂಡೇ ಹೋಗ್ತಾರೆ. ಅದೇ ಗೋಷ್ಠಿ 12:15ಕ್ಕೆ ಮುಗಿದು ಊಟ 1ಕ್ಕೆ ಇದ್ರೆ, ಮುಕ್ಕಾಲು ಗಂಟೆ ಕಾಯದೆ ಅವರಲ್ಲಿ ಬಹಳ ಜನ ಗಾಡಿ ಹತ್ತುತ್ತಾರೆ. ಹಾಗೇ 2 ಗಂಟೆಗೆ ಬರಬೇಕಾದ 13 ಜನರಲ್ಲಿ ಅರ್ಧದಷ್ಟು ಸ್ವಲ್ಪ ಮುಂಚೆನೇ ಬಂದು ಊಟಕ್ಕೂ ಸೇರ್ಕೊಳ್ತಾರೆ. ಹಾಗಾಗಿ 114, ಮೇಲೆ 7, ನಮ್ಮ 24. ಒಟ್ಟು 145.

3:30ರ ಚಹಾ. ಊಟ ಆದ್ಮೇಲೆ ಹಾಲ್ ಸ್ವಲ್ಪ ಖಾಲಿ ಆಗೋದು ಎಲ್ಲಾ ಕಡೆ ಇದ್ದಿದ್ದೇ. ಇಡೀ ದಿನ ಇರ್ತಾರೆ ಅಂತ ಹಿಡಿದ 93 ಜನರಲ್ಲಿ ಐದರಲ್ಲಿ ಒಬ್ಬರು ಹೋದ್ರು ಅಂದ್ರೆ 74. ಮಧ್ಯಾಹ್ನದ 13, ನಮ್ಮ 24 ಸೇರಿ ಸುಮಾರು 110. ಮಂಡಕ್ಕಿ-ಮಿರ್ಚಿ ಕೊಡೋದಾದ್ರೂ ಇದೇ ಲೆಕ್ಕ.

ನೋಡಿ, 240 ಹೆಸರಿದ್ದ ಪಟ್ಟಿ 100, 140, 145, 110 ಆಯ್ತು. ಪ್ಲೇಟ್ ಊಟಕ್ಕೆ 150 ರೂಪಾಯಿ ಅಂದ್ರೆ, 240 ಅಂತ ಹೇಳಿಬಿಟ್ಟಿದ್ರೆ 95 ಪ್ಲೇಟ್ ಹೆಚ್ಚಾಗಿ, 14,250 ರೂಪಾಯಿ ಸುಮ್ನೆ ಹೋಗ್ತಿತ್ತು.

ಅಡುಗೆಯವರಿಗೆ ಎರಡು ಸಂಖ್ಯೆ ಹೇಳಿ

145 ಅನ್ನೋದೂ ಅಂದಾಜೇ. ಅದನ್ನ ಹಾಗೇ ಆರ್ಡರ್ ಮಾಡಬೇಡಿ. ಅದೇ ಲೆಕ್ಕವನ್ನ ಇನ್ನೆರಡು ಸಲ ಮಾಡಿ. ಜನ ಕಡಿಮೆ ಬಂದ್ರೆ ಎಷ್ಟು, ಜಾಸ್ತಿ ಬಂದ್ರೆ ಎಷ್ಟು? ಬರ್ತೀನಿ ಅಂದವರಲ್ಲಿ ನೂರಕ್ಕೆ 75, ಉತ್ತರ ಕೊಡದವರಲ್ಲಿ 15 ಹಿಡಿದ್ರೆ ಊಟಕ್ಕೆ 127 ಜನ. ಅದನ್ನೇ 95 ಮತ್ತು 35 ಮಾಡಿದ್ರೆ 164.

ಕೇಟರಿಂಗ್‌ನವರು ಸಾಮಾನ್ಯವಾಗಿ ಕನಿಷ್ಠ ಇಷ್ಟು ಪ್ಲೇಟ್ ಅಂತ ಗ್ಯಾರಂಟಿ ಕೇಳ್ತಾರೆ. ಜನ ಬರಲಿ ಬಿಡಲಿ, ಅಷ್ಟಕ್ಕೆ ದುಡ್ಡು ಕೊಡಲೇಬೇಕು. ಅದಕ್ಕೆ ಗ್ಯಾರಂಟಿಯನ್ನ ಕೆಳಗಿನ ಸಂಖ್ಯೆ ಹತ್ತಿರ ಇಡಿ, 130 ಅನ್ನಿ. "ಅಣ್ಣ, ಇನ್ನೂ 35 ಜನ ಜಾಸ್ತಿ ಆಗಬಹುದು, ಅಕ್ಕಿ-ಬೇಳೆ ತಂದಿಟ್ಕೊಳ್ಳಿ, ಹಾಕೋದು ಬೇಡ. ಎಷ್ಟು ಅಂತ 11:30ಕ್ಕೆ ಹೇಳ್ತೀನಿ" ಅಂತ ಮಾತಾಡ್ಕೊಳ್ಳಿ. ಹೆಚ್ಚಾದ ಪ್ಲೇಟಿಗೆ ಯಾವ ರೇಟು ಅನ್ನೋದನ್ನೂ ಮೊದಲೇ ಮುಗಿಸಿ.

ಆದ್ರೆ ಎಲ್ಲಾ ಪದಾರ್ಥಕ್ಕೂ ಹೀಗೆ ಕಾಯೋಕಾಗಲ್ಲ. ಸೌಟಲ್ಲಿ ಬಡಿಸೋ ಅನ್ನ, ಸಾರು, ಮಜ್ಜಿಗೆ ಕೊನೆ ಗಳಿಗೆಯಲ್ಲಿ ಹೆಚ್ಚಿಸಬಹುದು. ಒಂದು ಕೆಜಿ ಅಕ್ಕಿ 8ರಿಂದ 10 ಜನಕ್ಕೆ ಆಗುತ್ತೆ, ಒಲೆ ಬಿಸಿ ಇದ್ರೆ ಅರ್ಧ ಮುಕ್ಕಾಲು ಗಂಟೆ ಕೆಲಸ. ಎಣಿಸಿ ಕೊಡೋ ಹೋಳಿಗೆ, ಚಪಾತಿ, ವಡೆ ಹಾಗಲ್ಲ, ಅವು ಬೆಳಿಗ್ಗೆನೇ ಆಗಿರಬೇಕು. ಅಂಥವನ್ನ ಅಂದಾಜಿಗಿಂತ ಸ್ವಲ್ಪ ಮೇಲೆ, 150 ಜನರ ಲೆಕ್ಕಕ್ಕೆ ಹೇಳಿ. ಬಫೆ ಇದ್ರೂ ಹೋಳಿಗೆ ಹತ್ತಿರ ಒಬ್ಬರನ್ನ ನಿಲ್ಲಿಸಿ ಒಂದೊಂದೇ ಬಡಿಸಲಿ. ಕೊನೆಯವರಿಗೂ ಒಂದೊಂದು ಸಿಕ್ಕಿದ್ಮೇಲೆ ಎರಡನೇ ಸುತ್ತು.

11:30ರ ತಲೆ ಎಣಿಕೆ

ಚಹಾ ಮುಗಿದು ಎಲ್ಲರೂ ಕೂತ್ಮೇಲೆ ಹಾಲ್‌ನ ಹಿಂದೆ ನಿಂತು ತಲೆ ಎಣಿಸಿ. ರಿಜಿಸ್ಟ್ರೇಷನ್ ಡೆಸ್ಕಿನ ಸಹಿ ನಂಬಬೇಡಿ, ಸಹಿ ಹಾಕಿ ಕಿಟ್ ತಗೊಂಡು ಹೋದವರೂ ಅದರಲ್ಲಿರ್ತಾರೆ. ನಮ್ಮವರನ್ನ ಬಿಟ್ಟು ಎಣಿಸಿದಾಗ 104 ಸಿಕ್ತು ಅನ್ನಿ. ಮಧ್ಯಾಹ್ನದ 7, ನಮ್ಮ 24 ಸೇರಿ 135. ಗ್ಯಾರಂಟಿಗಿಂತ 5 ಜಾಸ್ತಿ. ಅಡುಗೆಯವರಿಗೆ ಫೋನ್: "ಇನ್ನೂ ಐದೇ ಜನ ಅಣ್ಣ, ಅರ್ಧ ಕೆಜಿ ಅಕ್ಕಿ ಜಾಸ್ತಿ ಹಾಕಿ, ಸಾಕು." 35 ಜನರ ಸಾಮಾನು ಬಹುತೇಕ ಹಾಗೇ ವಾಪಸ್ ಹೋಗುತ್ತೆ. ಬೇಯಿಸದ ಅಕ್ಕಿ ನಾಳೆಗೂ ಬರುತ್ತೆ, ಬೇಯಿಸಿದ ಅನ್ನ ಬರಲ್ಲ.

ಈ ಫೋನ್ 12:45ಕ್ಕೆ ಮಾಡಿದ್ರೆ ಪ್ರಯೋಜನ ಇಲ್ಲ, ಬೇಯಿಸೋಕೆ ಟೈಮೇ ಇರಲ್ಲ. ಅಡುಗೆ ಬೇರೆ ಕಡೆ ಮಾಡಿ ಗಾಡಿಯಲ್ಲಿ ತರೋದಾದ್ರೆ 11:30 ಕೂಡ ತಡ. ಆಗ ಎಣಿಕೆಯನ್ನ 10:30ಕ್ಕೆ ಮಾಡಿ, ತಡವಾಗಿ ಬರೋರಿಗೆ ಸ್ವಲ್ಪ ಸೇರಿಸಿ ಹೇಳಬೇಕಾಗುತ್ತೆ.

ಉಳಿದದ್ದು ಎಲ್ಲಿ ಉಳೀತು?

ಕೊನೆಗೆ ಒಂದು ಕೆಲಸ. ಊಟ ಆದ್ಮೇಲೆ ಪಾತ್ರೆಯಲ್ಲಿ ಉಳಿದಿದೆಯಾ, ತಟ್ಟೆಯಲ್ಲಿ ಉಳಿದಿದೆಯಾ ಅಂತ ನೋಡಿ. ಪಾತ್ರೆಯಲ್ಲಿ ಉಳಿದಿದ್ರೆ ಜನರ ಲೆಕ್ಕ ಅಥವಾ ತಲೆಗೆ ಇಷ್ಟು ಅನ್ನೋ ಅಳತೆ ತಪ್ಪಿದೆ. ತಟ್ಟೆಯಲ್ಲಿ ಉಳಿದು ಬಕೆಟ್ ಸೇರ್ತಿದ್ರೆ ಜನರ ಲೆಕ್ಕ ಸರಿಯಾಗೇ ಇರಬಹುದು, ಬಡಿಸಿದ್ದು ಜಾಸ್ತಿ ಆಗಿದೆ ಅಥವಾ ಆ ಪಲ್ಯ ಯಾರಿಗೂ ಹಿಡಿಸಿಲ್ಲ. ಎರಡಕ್ಕೂ ಪರಿಹಾರ ಬೇರೆ. ಪಾತ್ರೆಯಲ್ಲಿ ಉಳಿದ ಊಟವನ್ನ ಯಾರಿಗಾದ್ರೂ ಕೊಡೋದಾದ್ರೆ ಅವರ ಹತ್ತಿರ ಮೊದಲೇ ಮಾತಾಡಿಟ್ಟಿರಿ. ಬೇಯಿಸಿದ ಊಟ ಹೊರಗಡೆ ಎರಡು ಗಂಟೆಗಿಂತ ಜಾಸ್ತಿ ಇಡಬಾರದು, ಸಂಜೆವರೆಗೂ ಕಾದು ಕೊಟ್ರೆ ತಿಂದವರಿಗೆ ತೊಂದರೆ.

ಅವತ್ತೇ ನಿಮ್ಮ ಶೀಟಿನಲ್ಲಿ ಒಂದು ಸಾಲು ಬರೆದಿಡಿ: ಬರ್ತೀನಿ ಅಂದವರೆಷ್ಟು, ಬಂದವರೆಷ್ಟು, ಉತ್ತರ ಕೊಡದೆ ಬಂದವರೆಷ್ಟು, ಎಷ್ಟು ಪ್ಲೇಟ್ ಹೋಯ್ತು. ನಾನು ಹಿಡಿದ 85, 25 ಅನ್ನೋ ದರದ ಜಾಗದಲ್ಲಿ ಮುಂದಿನ ಸಲ ನಿಮ್ಮದೇ ಅಂಕಿ ಇರುತ್ತೆ.

ನಿಮ್ಮೂರಿನ ಕಾರ್ಯಕ್ರಮಗಳಲ್ಲಿ ಊಟದ ಲೆಕ್ಕ ಹೇಗೆ ಹಾಕ್ತಾರೆ ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.